ಖಾಯಂ ಆದ ಹೆಸರು

ಜಂಪಣ್ಣ ಹಬ್ಬವಿಲ್ಲದ ದಿನ ಹಟ್ಟಿಗೆ ಬರುವವನೇ ಅಲ್ಲ. ಹಿರಿಯೂರಿನಾಚೆ ಎರಡು ಗುಡ್ಡಗಳ ನಡುವೆ ಮಹಾರಾಜರ ಸರ್ಕಾರ ಹೊಳೆಗೆ ಅಡ್ಡಲಾಗಿ ಕಟ್ಟಿಸುತ್ತಿದ್ದ ದೊಡ್ಡ ಕಟ್ಟೆಯಲ್ಲಿ ಅವನದು ದಿನಗೂಲಿ. ಅಲ್ಲಿಂದ ಮದಕರಿಪುರ ದಾಟಿ ಈ ಹಟ್ಟಿಗೆ ಬರಲು ಎರಡು ದಿನದ ಹಾದಿ. ಹಾದಿಗೆ ಬಿದ್ದ ದಿನದ ಕೂಲಿ ಹೋದಂತೆಯೇ. ಅದಕ್ಕೇ ಅಂಗಳದಲ್ಲಿ ರಾಗಿ ಕೇರುತ್ತಿದ್ದ ಅವನ ಹೆಂಡತಿ ಚಿತ್ತಮ್ಮನಿಗೆ ಬೇಲಿಯಾಚೆ ಗಂಡನ ರುಮಾಲು ಕಂಡದ್ದು ಒಳ್ಳೆಯದಾಗಿ ತೋರಲಿಲ್ಲ. ಕಟ್ಟೆ ಮುಗಿಯಿತು, ಆಳುಗಳನ್ನೆಲ್ಲ ಮನೆಗೆ ಕಳಿಸುತ್ತಿದ್ದಾರೆ ಅಂತ ಊರಲ್ಲೆಲ್ಲ ಸುದ್ದಿಯಿತ್ತು. ಸರಿ, ಇವನ ಕೆಲಸವೂ ಹೋಯಿತು ಅಂದುಕೊಂಡು ಮೊರ ಕೆಳಗಿಟ್ಟಳು.

ಆದರೆ ಅವನ ಮುಖ ಕೆಲಸ ಕಳೆದುಕೊಂಡವನ ಮುಖವಾಗಿರಲಿಲ್ಲ. ರುಮಾಲಿನೊಳಗಿಂದ ಮಡಿಸಿದ ಕಾಗದ ತೆಗೆದು, ಅವಳ ಕೈಗೂ ಕೊಡದೆ, ನೆಲಕ್ಕೂ ಇಡದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಕೆಲಸ ಖಾಯಂ ಆಯಿತು ಎಂದ. ಚಿತ್ತಮ್ಮನಿಗೆ ಖಾಯಂ ಎಂಬ ಮಾತಿನ ಅರ್ಥ ಗೊತ್ತಿತ್ತು. ಆದರೆ ಅದು ತನ್ನ ಮನೆಯ ಬಾಗಿಲಿಗೂ ಬರುವ ಮಾತು ಅಂತ ಗೊತ್ತಿರಲಿಲ್ಲ, ಪಾಪ.

ಗೌಡರ ಜಗಲಿಯಲ್ಲಿ ಶಾನುಭೋಗರು ಕಾಗದ ಓದಿದರು. ಮೂಲ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡ ತರ್ಜುಮೆ. ಇದುವರೆಗೆ ದಿನಗೂಲಿಯ ಹಾಜರಿಯಲ್ಲಿದ್ದ ಕೆಂಚಣ್ಣ ಬಿನ್ ಬೋರಣ್ಣ ಎಂಬುವನನ್ನು ತೂಬು ಕಾಯುವ ಖಾಯಂ ಕೆಲಸಕ್ಕೆ ನೇಮಿಸಿದೆ. ಇನ್ನು ಮೇಲೆ ದಿನಗೂಲಿಯಿಲ್ಲ, ತಿಂಗಳ ಸಂಬಳ. ಮಳೆ ಬಂದು ಕೆಲಸ ನಿಂತರೂ ಸಂಬಳ ನಿಲ್ಲುವುದಿಲ್ಲ. ಕಾಯಿಲೆಯಾದರೆ ಡಾಕ್ಟರ ಚೀಟಿಯ ಮೇಲೆ ರಜೆ. ಕಟ್ಟೆಯ ಕೆಲಸ ಶುರುವಾದಾಗಿನಿಂದ ತಪ್ಪದೆ ಹಾಜರಿದ್ದದ್ದರಿಂದ ಹಿಂದಿನ ಅಷ್ಟೂ ವರ್ಷದ ಸೇವೆಯನ್ನು ವಿಶೇಷವಾಗಿ ಲೆಕ್ಕಕ್ಕೆ ಹಿಡಿಯಲು ಮೇಲಿನಿಂದ ಮಂಜೂರಾಗಿದೆ, ಮುದುಕನಾದ ಮೇಲೆ ಪಿಂಚಣಿ ಉಂಟು. ಸರ್ಕಾರ ಹೇಳಿದ ಕಡೆಗೆ ವರ್ಗವಾಗಿ ಹೋಗಬೇಕು, ಬೇರೆ ಕಸುಬು ಮಾಡಕೂಡದು. ತೂಬಿನ ಪಕ್ಕದಲ್ಲೇ ವಾಸಕ್ಕೆ ಮನೆ.

ಮನೆ ಎಂದದ್ದೇ ಚಿತ್ತಮ್ಮನಿಗೆ ಮುಂದಿನದು ಕೇಳಿಸಲಿಲ್ಲ. ಕಂಬದ ಹಿಂದೆ ಮಗಳು ಚಂದ್ರಿಯನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದವಳು ಹಾಗೇ ಗೋಡೆಗೆ ಒರಗಿಕೊಂಡಳು. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನ ಜೊತೆ ಅವಳು ಸಂಸಾರ ಮಾಡಿದ್ದು ಹಬ್ಬದಿಂದ ಹಬ್ಬಕ್ಕೆ. ಕಟ್ಟೆಯ ಹತ್ತಿರ ಗಂಡಸರು ಸಾಲು ಗುಡಿಸಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಳ್ಳುತ್ತಿದ್ದರು, ಹೆಂಗಸರಿಗೆ ಅಲ್ಲಿ ಜಾಗವಿರಲಿಲ್ಲ. ತನ್ನ ಒಲೆಯಲ್ಲಿ ಬೇಯಿಸಿದ ಮುದ್ದೆಯನ್ನು ದಿನವೂ ಗಂಡನ ಮುಂದೆ ಇಡಬೇಕು ಅನ್ನುವುದು ಅವಳ ಆಸೆ. ಇದೇನು ದೊಡ್ಡ ಆಸೆಯೇ? ಊರಿನ ಯಾವ ಹೆಂಗಸಿಗೂ ಇದನ್ನು ಆಸೆ ಅಂತ ಕರೆಯಬೇಕಾಗಿ ಬಂದಿರಲಿಲ್ಲ.

ಇಷ್ಟು ಹೊತ್ತಿಗೆ ನಿಮಗೆ ಅನ್ನಿಸಿರಬೇಕು, ಕೆಲಸ ಜಂಪಣ್ಣನದು, ಕಾಗದದಲ್ಲಿ ಕೆಂಚಣ್ಣನ ಹೆಸರು ಯಾಕೆ ಅಂತ. ಕೆಂಚಣ್ಣ ಅವನ ಅಣ್ಣ. ಸತ್ತು ನಾಲ್ಕು ವರ್ಷವಾಗಿತ್ತು.

ಕಟ್ಟೆಯ ಕೆಲಸಕ್ಕೆ ಮೊದಲು ಸೇರಿದವನು ಕೆಂಚಣ್ಣನೇ. ಆ ಕಾಲದಲ್ಲಿ ಒಬ್ಬನಿಗೆ ಮೈ ಸರಿಯಿಲ್ಲದಿದ್ದರೆ ಅವನ ಜಾಗ ಹೋಗಬಾರದು ಅಂತ ಮನೆಯವನೊಬ್ಬ ಹೋಗಿ ಅವನ ಹೆಸರಿಗೇ 'ಹಾಜರ್' ಎನ್ನುತ್ತಿದ್ದ. ಎಲ್ಲರೂ ಮಾಡುತ್ತಿದ್ದರು. ಮೇಸ್ತ್ರಿಗೆ ಬೇಕಾದದ್ದು ಎರಡು ಕೈ, ಅವು ಯಾರವಾದರೇನು? ಪ್ಲೇಗು ಬಂದ ವರ್ಷ ಕೆಂಚಣ್ಣ ಊರಿಗೆ ಬಂದವನು ಜ್ವರ ಬಂದು ಹೊಲದ ಗುಡಿಸಲಲ್ಲಿ ಮಲಗಿದ. ಅವನ ಬದಲಿಗೆ ಜಂಪಣ್ಣ ಕಟ್ಟೆಗೆ ಹೋಗಿ ಅಣ್ಣನ ಹೆಸರು ಕೂಗಿದಾಗ ಓಗೊಟ್ಟ. ಮೇಸ್ತ್ರಿ ಮುರುಗಪ್ಪ ಒಂದು ಸಲ ಮುಖ ನೋಡಿ, ಸುಮ್ಮನೆ ಗೆರೆ ಎಳೆದುಕೊಂಡ. ಅತ್ತ ಕೆಂಚಣ್ಣ ಎದ್ದು ಬರಲೇ ಇಲ್ಲ.

ಸತ್ತವರ ಹೆಸರನ್ನು ಗೌಡರು ತಾಲೂಕಿಗೆ ಬರೆದು ಕಳಿಸಬೇಕು. ಕೆಂಚಣ್ಣ ಸತ್ತ ಅಂತ ಬರೆದರೆ ಕಟ್ಟೆಯ ಹಾಜರಿಯಲ್ಲಿ ಅವನ ಹೆಸರು ಹೊಡೆಯುತ್ತಾರೆ, ಪ್ಲೇಗಿನ ಊರಿನವನನ್ನು ಹೊಸದಾಗಿ ಯಾರೂ ಸೇರಿಸಿಕೊಳ್ಳುವುದಿಲ್ಲ, ಮನೆಯ ಇಬ್ಬರು ಹೆಂಗಸರು ಮಣ್ಣು ತಿನ್ನಬೇಕಾಗುತ್ತದೆ. ಗೌಡರು ಯೋಚನೆ ಮಾಡಿ ಜಂಪಣ್ಣ ಸತ್ತ ಅಂತ ಬರೆಸಿದರು. ಕಟ್ಟೆ ಮುಗಿಯುವ ತನಕ ತಾನೇ, ಆಮೇಲೆ ಆ ಹೆಸರೂ ಹೋಗುತ್ತದೆ, ಹಾಜರಿಯೂ ಹೋಗುತ್ತದೆ, ನಮ್ಮ ಹಟ್ಟಿಯ ಹುಡುಗ ಯಾರು ಅಂತ ನಮಗೆ ಗೊತ್ತಿಲ್ಲವೇ ಅಂದರು. ಊರೆಲ್ಲ ಹೌದು ಎಂದಿತು. ಚಿತ್ತಮ್ಮನೂ ಹೌದು ಎಂದಳು. ಕಾಗದದಲ್ಲಿ ತಾನು ಮುಂಡೆಯಾದೆ ಅನ್ನುವುದು ಅವಳಿಗೆ ಆಗ ನಗುವ ಸಂಗತಿಯಾಗಿತ್ತು. ಆಮೇಲೆ ಚಂದ್ರಿ ಹುಟ್ಟಿದಾಗ ಗೌಡರೇ ತಲೆ ಕೆರೆದುಕೊಂಡು, ಈ ಮಗೂನ ಯಾವ ಲೆಕ್ಕಕ್ಕೆ ಬರೆಯಲಿ ಅಂತ ನಕ್ಕು, ಬರೆಯದೇ ಬಿಟ್ಟರು.

ಸರ್ಕಾರ ಎಂದಾದರೂ ಈ ಹೆಸರನ್ನು ಮೆಚ್ಚಿ, ಇದು ಒಂದು ದಿನವೂ ತಪ್ಪಿಸಿಲ್ಲ, ಇದಕ್ಕೆ ಮನೆ ಕೊಡಿ, ಪಿಂಚಣಿ ಕೊಡಿ ಅನ್ನುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಶಾನುಭೋಗರು ಕಾಗದದ ಕೊನೆಯನ್ನು ನಿಧಾನವಾಗಿ ಓದಿದರು. ಹೊಸ ನೌಕರನು ಗೌಡರ ದಾಖಲೆಯೊಂದಿಗೆ, ಮನೆಯಲ್ಲಿ ವಾಸಮಾಡುವವರನ್ನು ಕರೆದುಕೊಂಡು ಓವರ್‌ಸಿಯರ ಮುಂದೆ ಬರಬೇಕು. ಸೇವಾ ಪಟ್ಟಿಯಲ್ಲಿ ತಂದೆಯ ಹೆಸರು, ಊರು, ವಯಸ್ಸು, ಮೈಮೇಲಿನ ಗುರುತು ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳಲಾಗುವುದು. ತೂಬಿನ ಮನೆಯಲ್ಲಿ ಹೆಂಡತಿ ಮತ್ತು ಸ್ವಂತ ಮಕ್ಕಳನ್ನು ಬಿಟ್ಟು ಬೇರೆ ಯಾವ ನೆಂಟರೂ ಇರಕೂಡದು. ಹೇಳಿದ್ದರಲ್ಲಿ ಯಾವುದಾದರೂ ಸುಳ್ಳೆಂದು ಕಂಡರೆ ಕೆಲಸದಿಂದ ವಜಾ, ಮೇಲೆ ಮೊಕದ್ದಮೆ.

ಜಂಪಣ್ಣ ಬೇಡ ಎನ್ನಬಹುದಿತ್ತು. ಎಂದರೆ ಮುಂದೇನು? ಕೂಲಿ ಆ ತಿಂಗಳಿಗೇ ಮುಗಿಯುತ್ತಿತ್ತು. ನಿಜ ಹೇಳಿದರೆ ಸತ್ತವನ ಹೆಸರಲ್ಲಿ ದುಡಿದದ್ದಕ್ಕೆ ಅವನೂ ಜೈಲು, ಬರೆಸಿದ ಗೌಡರೂ ಜೈಲು. ಗೌಡರೇ ಒಂದು ದಾರಿ ಹೇಳಿದರು. ದಾಖಲೆಯಲ್ಲಿ ಕೆಂಚಣ್ಣ, ಹೆಂಡತಿ ಏಕಾಂತಮ್ಮ ಅಂತ ಇರುತ್ತದೆ. ಓವರ್‌ಸಿಯರ್ ತುಮಕೂರಿನ ಕಡೆಯಿಂದ ಹೊಸದಾಗಿ ಬಂದವರು, ಯಾರ ಮುಖವೂ ಗೊತ್ತಿಲ್ಲ. ಚಿತ್ತಮ್ಮ ಹೋಗಿ ನಾನೇ ಏಕಾಂತಮ್ಮ ಎಂದರೆ ಆಯಿತು. ಗಂಡ ಅಣ್ಣನ ಹೆಸರು ಇಟ್ಟುಕೊಂಡ, ಹೆಂಡತಿ ಅಕ್ಕನ ಹೆಸರು ಇಟ್ಟುಕೊಳ್ಳಲಿ. ಎಷ್ಟು ಸುಲಭ ನೋಡಿ, ಜಗಲಿಯ ಮೇಲೆ ಕುಳಿತವರಿಗೆ!

ಏಕಾಂತಮ್ಮ ಎಂದರೆ ಕೆಂಚಣ್ಣನ ನಿಜವಾದ ವಿಧವೆ, ಚಿತ್ತಮ್ಮನ ಓರಗಿತ್ತಿ. ಮಕ್ಕಳಿಲ್ಲ. ಗಂಡ ಸತ್ತ ಮೇಲೆ ಬಳೆ ತೆಗೆದು, ಅದೇ ಮನೆಯಲ್ಲಿ ಉಳಿದಿದ್ದಳು. ಚಂದ್ರಿಯನ್ನು ಹೆತ್ತದ್ದು ಚಿತ್ತಮ್ಮನಾದರೂ ಮೀಸಿ, ಮಲಗಿಸಿ, ಎತ್ತಿ ತಿರುಗಿದ್ದೆಲ್ಲ ಏಕಾಂತಮ್ಮನೇ. ಅವಳ ಗಂಡನ ಸಾವನ್ನು ನಾಲ್ಕು ಜನರ ಎದುರು ಗಟ್ಟಿಯಾಗಿ ಅತ್ತು ಮುಗಿಸಲೂ ಈ ಊರು ಬಿಟ್ಟಿರಲಿಲ್ಲ. ಹೊರಗಿನವರು ಬಂದಾಗಲೆಲ್ಲ ಬರಿಗೈಯನ್ನು ಸೆರಗಿನೊಳಗೆ ಬಚ್ಚಿಟ್ಟು, ಕೆಂಚಣ್ಣ ಕಟ್ಟೆಯಲ್ಲಿದ್ದಾನೆ ಎನ್ನಬೇಕಿತ್ತು. ಅವಳು ಹಾಗೇ ಅನ್ನುತ್ತಾ ಬಂದಿದ್ದಳು. ಈಗ ಹೆಸರನ್ನೂ ಕೊಡು ಅಂತ ಕೇಳಿದಾಗ ಅವಳು ಒಂದೇ ಒಂದು ಮಾತು ಕೇಳಿದಳಂತೆ, ನಾನೆಲ್ಲಿರಬೇಕು ಅಂತ. ನೀನು ಇಲ್ಲೇ ಹಟ್ಟಿಯಲ್ಲಿರು, ರಾಗಿ ಕಳಿಸುತ್ತೇವೆ ಎಂದರು. ಚಿತ್ತಮ್ಮನೇ ಹಾಗೆ ಅಂದದ್ದು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಏಕಾಂತಮ್ಮ ಮಗುವನ್ನು ಕಟ್ಟೆಯವರೆಗೆ ಎತ್ತಿಕೊಂಡು ಬಂದು ಬಿಟ್ಟುಹೋಗುತ್ತೇನೆ ಎಂದಳು. ಅಷ್ಟು ಕೇಳಿದ್ದಕ್ಕೆ ಬೇಡ ಎನ್ನಲು ಯಾರಿಗೆ ಬಾಯಿ ಬಂದೀತು.

ಗಾಡಿ ಹೊಡೆಯುವ ದುರುಗಣ್ಣನ ಗಾಡಿಯಲ್ಲಿ ಹೊರಟರು. ಹಾದಿಯುದ್ದಕ್ಕೂ ಚಿತ್ತಮ್ಮನದು ಹೊಸ ಮನೆಯದೇ ಮಾತು. ಒಲೆ ಯಾವ ಮೂಲೆಗೆ ಇಡಬೇಕು, ಹಿತ್ತಲಲ್ಲಿ ಏನು ಹಾಕಬೇಕು. ಏಕಾಂತಮ್ಮ ಮಗುವಿಗೆ ಬಿಸಿಲು ತಾಗದಂತೆ ಸೆರಗು ಹಿಡಿದುಕೊಂಡು ಕೂತಿದ್ದಳು.

ಹಿರಿಯೂರು ದಾಟಿ ಕಣಿವೆಗೆ ಬರುವ ಮೊದಲು, ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಮುಖ ತೊಳೆಯಲು ಗಾಡಿ ಬಿಟ್ಟರು. ಗಂಡಸರು ಎತ್ತಿಗೆ ನೀರು ಕುಡಿಸಲು ಹೋದರು. ಏಕಾಂತಮ್ಮ ಮಂಡಿಮಟ್ಟ ನೀರಿನಲ್ಲಿ ನಿಂತು, ಸೊಂಟದ ಗಂಟು ಬಿಚ್ಚಿ ಹಸಿರು ಬಳೆ ತೆಗೆದು, ಒಂದೊಂದಾಗಿ ಕೈಗೆ ಏರಿಸಿಕೊಂಡಳು. ಹಣೆಗೆ ಕುಂಕುಮ ಇಟ್ಟುಕೊಂಡಳು. ನೋಡುತ್ತಿದ್ದ ಚಿತ್ತಮ್ಮನಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಅರ್ಥವಾಯಿತು.

"ಏನಕ್ಕಾ ಇದು?" ಎಂದಳು.

"ಏಕಾಂತಮ್ಮ ಅಂದ್ರೆ ನಾನು," ಎಂದಳು ಏಕಾಂತಮ್ಮ. "ನನ್ನ ಗಂಡನ ಹೆಸ್ರು ತಗಂಡ್ರಿ, ಸುಮ್ನಿದ್ದೆ. ಸತ್ತೋನ್ನ ಬದುಕವ್ನೆ ಅಂದ್ರಿ, ನಾನೂ ಅಂದೆ. ಇನ್ನು ನನ್ನ ಹೆಸ್ರೂ ನೀವೇ ಇಟ್ಕಂಡ್ರೆ ನಾನು ಯಾರ್ ಆಗಿರ್ಲಿ ಹೇಳು? ಆ ಮನೆ ಕೆಂಚಣ್ಣನ ಹೆಂಡ್ತಿಗೆ ಕೊಟ್ಟೈತೆ. ನಾನು ಒಳಗೆ ಹೋಗಿ ನಾನೇ ಅಂತೀನಿ. ನೀನು ಏನ್ ಬೇಕಾದ್ರೂ ಅನ್ನು, ಚಿತ್ತಿ. ನಾನು ತಡೆಯಲ್ಲ."

ಚಿತ್ತಮ್ಮ ಅತ್ತಳು, ಬೈದಳು, ಕಾಲೂ ಹಿಡಿದಳು. ಬೈಯುವಾಗ ಬಾಯಿಗೆ ಬಂದದ್ದೆಲ್ಲ ಬೈದಳು, ಅದನ್ನು ಇಲ್ಲಿ ಬರೆಯುವುದು ಬೇಡ. ಆದರೆ ಬೈಯುತ್ತಾ ಬೈಯುತ್ತಾ ಅವಳಿಗೇ ಒಳಗೆ ಗೊತ್ತಾಗುತ್ತಿತ್ತು, ಇವಳು ಹೇಳುವುದರಲ್ಲಿ ಸುಳ್ಳು ಒಂದೂ ಇಲ್ಲ ಅಂತ. ಇಡೀ ಗುಂಪಿನಲ್ಲಿ ತನ್ನದೇ ಹೆಸರು ಹೇಳುವವಳು ಅವಳೊಬ್ಬಳೇ.

ಜಂಪಣ್ಣ ಎತ್ತು ಹಿಡಿದುಕೊಂಡು ಬಂದ. ಅತ್ತಿಗೆಯ ಕೈ ನೋಡಿದ, ಹಣೆ ನೋಡಿದ, ಹೆಂಡತಿಯ ಮುಖ ನೋಡಿದ. ಇವನೊಂದು ಮಾತು ಗದರಿಸಿ ಆಡಿಯಾನು ಅಂತ ಚಿತ್ತಮ್ಮ ಕಾದಳು. ಅವನು ರುಮಾಲಿನಲ್ಲಿದ್ದ ಕಾಗದವನ್ನು ಒಂದು ಸಲ ಮುಟ್ಟಿ ನೋಡಿಕೊಂಡ. ಅತ್ತಿಗೆ ಹಟ ಹಿಡಿದು ಒಂದು ಮಾತು ಬಾಯಿಬಿಟ್ಟರೆ ಎಲ್ಲ ಹೋಯಿತು ಅನ್ನುವುದು ಅವನಿಗೂ ಗೊತ್ತಿತ್ತು.

"ಈಗ ಬರ್ಕಂಬುಡ್ಲಿ," ಎಂದ ಮೆಲ್ಲಗೆ. "ಬರ್ಯಾದು ಒಂದ್ ದಿನದ್ದು. ಆಮೇಲೆ ನೋಡಾಣ."

ನಾಲ್ಕು ವರ್ಷದ ಹಿಂದೆ ಗೌಡರೂ ಇದನ್ನೇ ಅಂದಿದ್ದರು. ಆಗ ಹೌದೆಂದವಳು ಈಗ ಯಾವ ಮುಖದಿಂದ ಅಲ್ಲ ಎನ್ನಬೇಕು? ಚಿತ್ತಮ್ಮ ಗಾಡಿ ಹತ್ತಿದಳು.

ಓವರ್‌ಸಿಯರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಯಾರನ್ನಾದರೂ ಶಪಿಸಿ ಹಗುರಾಗಬಹುದಿತ್ತು. ಬಿಳಿ ರುಮಾಲಿನ ನಡುವಯಸ್ಸಿನ ಬ್ರಾಹ್ಮಣರು, ಮೆತ್ತಗೆ ಮಾತಾಡುವವರು. ಜಂಪಣ್ಣನನ್ನು ನಿಲ್ಲಿಸಿ, ಮೈ ಗಟ್ಟಿಯಿದೆ ಅಂತ ಹಿರಿಯೂರಿನ ಡಾಕ್ಟರು ಕೊಟ್ಟ ಚೀಟಿ ನೋಡಿ, ಸೇವಾ ಪಟ್ಟಿ ಬರೆಯಲು ಕೂತರು. ಹೆಸರು ಕೆಂಚಣ್ಣ. ವಯಸ್ಸು ಅಣ್ಣನದು, ಜಂಪಣ್ಣ ನಿಂತಲ್ಲೇ ಆರು ವರ್ಷ ಮುದುಕನಾದ. ಎಡಗೆನ್ನೆಯ ಮಚ್ಚೆ, ಬಲಮೊಣಕಾಲಿನ ಗಾಯದ ಕಲೆ, ಇವೆರಡು ಮಾತ್ರ ಅವನವೇ. ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿಸಿದರು. ಇನ್ನು ನೀನು ಸರ್ಕಾರದ ಮನುಷ್ಯ, ಯಾವ ಮೇಸ್ತ್ರಿಯೂ ನಾಳೆ ಬರಬೇಡ ಅಂತ ಹೇಳುವ ಹಾಗಿಲ್ಲ, ಕಾರಣ ಕೇಳದೆ ತೆಗೆಯುವ ಹಾಗಿಲ್ಲ ಅಂತ ತಿಳಿಸಿ ಹೇಳಿದರು. ಅವರಿಗೇ ಅದು ಸಂತೋಷದ ವಿಷಯವಾಗಿತ್ತು. ಆಮೇಲೆ ಗೌಡರ ದಾಖಲೆ ಬಿಚ್ಚಿ, ಏಕಾಂತಮ್ಮ ಯಾರು ಅಂತ ಕೇಳಿದರು.

"ನಾನು ಸ್ವಾಮಿ," ಎಂದಳು ಏಕಾಂತಮ್ಮ.

ಅವರು ತಲೆಯೆತ್ತಿ ನೋಡಿ ಗುರುತು ಹಾಕಿಕೊಂಡರು. ಆಮೇಲೆ ಬಾಗಿಲ ಹತ್ತಿರ ನಿಂತವಳ ಕಡೆ ನೋಡಿದರು. ಈ ಹೆಂಗಸು ಯಾರು?

ಚಿತ್ತಮ್ಮ ಬಾಗಿಲು ದಾಟುವ ಮೊದಲೇ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಿದ್ದಳು. ಬಳೆಯಿದ್ದ ಎರಡೂ ಕೈ ಸೆರಗಿನೊಳಗೆ. ಜಂಪಣ್ಣ ಅವಳಿಗೆ ಮೂರು ಮಾರು ದೂರದಲ್ಲಿ ನಿಂತಿದ್ದ. ಅವನ ಹೆಬ್ಬೆಟ್ಟಿನಲ್ಲಿ ಮಸಿ ಇನ್ನೂ ಹಸಿಯಾಗಿತ್ತು. ಈ ಒಂದು ಗಳಿಗೆಯಲ್ಲಿ ನಾನೇ ಇವನ ಹೆಂಡತಿ ಅಂತ ಕಿರಿಚಿದರೆ ಏನಾಗುತ್ತದೆ ಎಂದು ಅವಳು ಪೂರ್ತಿ ಯೋಚಿಸಿದಳು. ಪೋಲೀಸರು ಬರುತ್ತಾರೆ. ಇವನ ಕೈಗೆ ಕೋಳ ಬೀಳುತ್ತದೆ. ಗಂಡ ನನ್ನವನೇ ಆಗುತ್ತಾನೆ, ಆದರೆ ಜೈಲಿನಲ್ಲಿ. ಸೆರಗಿನೊಳಗೇ ಹೆಬ್ಬೆರಳಿನಿಂದ ಹಣೆಯ ಕುಂಕುಮ ಒರೆಸಿಕೊಂಡಳು.

"ಇವ್ರ ತಮ್ಮನ ಹೆಂಡ್ತಿ ಸ್ವಾಮಿ," ಎಂದಳು. "ಅವ್ರು ಹೋಗಿಬಿಟ್ರು."

ಓವರ್‌ಸಿಯರು ಪಾಪ ಎಂದರು, ದಾಖಲೆಯಲ್ಲಿ ಬೆರಳಿಟ್ಟು ನೋಡಿ, ಹೌದು, ಜಂಪಣ್ಣ, ಪ್ಲೇಗು ಎಂದರು. ಅಷ್ಟರಲ್ಲಿ ಏಕಾಂತಮ್ಮನ ಹೆಗಲ ಮೇಲೆ ಮಲಗಿದ್ದ ಮಗು ಎದ್ದು ರಾಗ ತೆಗೆಯಿತು. ದಾಖಲೆಯಲ್ಲಿ ಮಕ್ಕಳ ವಿಷಯವೇ ಇಲ್ಲವಲ್ಲ, ಈ ಮಗು ಯಾರದು ಅಂತ ಅವರು ಹಾಳೆ ತಿರುವಿದರು. ಚಂದ್ರಿಗೆ ಮೂರು ವರ್ಷವೂ ತುಂಬಿರಲಿಲ್ಲ. ತಮ್ಮನ ವಿಧವೆಯದು ಎಂದರೆ ಗಂಡ ಸತ್ತು ಎಷ್ಟು ವರ್ಷವಾಯಿತು ಅಂತ ಲೆಕ್ಕ ಹಾಕಲು ಓವರ್‌ಸಿಯರಿಗೆ ಬರುವುದಿಲ್ಲವೇ?

ಏಕಾಂತಮ್ಮ ಮಗುವಿನ ಬೆನ್ನು ತಟ್ಟುತ್ತಾ ಹೇಳಿದಳು, "ನಂದೇ ಸ್ವಾಮಿ. ಗೌಡ್ರು ಬರ್ಯಾಕೆ ಮರ್ತವ್ರೆ."

ಇದನ್ನು ಅವಳು ಮೊದಲೇ ಯೋಚಿಸಿಕೊಂಡು ಬಂದಿದ್ದಳೋ, ಆ ಗಳಿಗೆಗೆ ಮನೆ ಉಳಿಸಲು ಅಂದಳೋ, ಅದು ಅವಳಿಗೂ ಗೊತ್ತಿತ್ತೋ ಇಲ್ಲವೋ. ಓವರ್‌ಸಿಯರು ಮಗುವಿನ ಹೆಸರು ಕೇಳಿ ಬರೆದುಕೊಂಡರು. ಬೀಗದ ಕೈ ಕೊಟ್ಟರು. ತಮ್ಮನ ಹೆಂಡತಿ ಇಲ್ಲಿ ಉಳಿಯುವ ಹಾಗಿಲ್ಲ, ಕಾನೂನು ಹಾಗಿದೆ, ಬೇಸರ ಮಾಡಿಕೊಳ್ಳಬೇಡಮ್ಮ ಎಂದು ಚಿತ್ತಮ್ಮನಿಗೇ ಹೇಳಿದರು.

ಹೊರಗೆ ಬಂದು ಚಿತ್ತಮ್ಮ ಮಗುವಿಗೆ ಕೈ ಚಾಚಿದಳು. ಕಚೇರಿಯ ಜಗಲಿಯಲ್ಲಿ ಮೇಸ್ತ್ರಿಯೂ ಜವಾನನೂ ನೋಡುತ್ತಾ ನಿಂತಿದ್ದರು. ತಾಯಿಯನ್ನು ಬಿಟ್ಟು ಮಗು ಚಿಕ್ಕಮ್ಮನ ಜೊತೆ ಎರಡು ದಿನದ ಹಾದಿ ಯಾಕೆ ಹೋಗಬೇಕು? ಸ್ವಲ್ಪ ದಿನ ಇರಲಿ, ಜನದ ಕಣ್ಣು ತಪ್ಪಿದ ಮೇಲೆ ನಾನೇ ಕರ್ಕೊಂಡು ಬರ್ತೀನಿ ಅಂದ ಜಂಪಣ್ಣ. ಗಾಡಿ ಹೊರಟಾಗ ಅವನು ಗಾಡಿಯ ಪಕ್ಕ ನಾಲ್ಕು ಹೆಜ್ಜೆ ಬಂದ. ಮೇಸ್ತ್ರಿ ಕೂಗಿದ. ಕೆಂಚಣ್ಣಾ ಅಂತ. ಅವನು ತಿರುಗಿ ಓಗೊಟ್ಟ.

ಊರಿಗೆ ಬಂದ ಮೇಲೆ ಚಿತ್ತಮ್ಮ ಬಳೆ ಹಾಕಿಕೊಂಡೇ ಇದ್ದಳು ಸ್ವಲ್ಪ ದಿನ. ಆಮೇಲೆ ತಾಲೂಕಿನ ಜಮೇದಾರನೊಬ್ಬ ಹಟ್ಟಿಗೆ ಬಂದವನು, ಸತ್ತ ಜಂಪಣ್ಣನ ಹೆಂಡತಿ ಇವಳೇನಾ ಅಂತ ಕೇಳಿ, ಕೈಯನ್ನೇ ನೋಡಿಕೊಂಡು ಹೋದ. ಗೌಡರಿಗೆ ಜೀವ ಬಾಯಿಗೆ ಬಂತು. ಅವರ ಮನೆಯ ಹೆಂಗಸರೇ ಬಂದು, ಸುಮ್ಮನೆ ತೋರಿಕೆಗೆ ಕಣವ್ವ ಅಂತ ಸಮಾಧಾನ ಹೇಳಿ ಬಳೆ ತೆಗೆಸಿದರು. ತೋರಿಕೆಗೆ! ಬಾಗಿಲು ಹಾಕಿಕೊಂಡು ಅವಳು ಒಬ್ಬಳೇ ಅತ್ತದ್ದೂ ತೋರಿಕೆಗೇ ಇರಬೇಕು. ಹಬ್ಬ ಬಂತು, ಜಂಪಣ್ಣ ಬರಲಿಲ್ಲ. ಖಾಯಂ ನೌಕರ ತೂಬು ಬಿಟ್ಟು ಬರಬೇಕಾದರೆ ರಜೆ ಬರೆಸಬೇಕು, ಬದಲಿಗೆ ಆಳು ಬರಬೇಕು. ಕೂಲಿಯವನಾಗಿದ್ದಾಗ ಹಬ್ಬಕ್ಕಾದರೂ ಬರುತ್ತಿದ್ದ. ರಾಗಿಗೆ ಅಂತ ದುಡ್ಡು ಮಾತ್ರ ದುರುಗಣ್ಣನ ಕೈಲಿ ತಪ್ಪದೆ ಬರುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಅವಳೇ ಹೊರಟಳು. ಮಗುವನ್ನು ಕರೆದುಕೊಂಡೇ ಬರುತ್ತೇನೆ, ಯಾರು ಏನಾದರೂ ಅನ್ನಲಿ ಅಂತ ಹಠ ಮಾಡಿ ಹೊರಟಳು. ಕಣಿವೆಯ ಗಾಳಿ ಅಂದು ಜೋರಾಗಿತ್ತು. ತೂಬಿನ ಮನೆಯ ಮುಂದೆ ಸಗಣಿ ಸಾರಿಸಿ ರಂಗೋಲಿ ಹಾಕಿತ್ತು, ಹಿತ್ತಲಲ್ಲಿ ಅವರೆ ಬಳ್ಳಿ ಹಬ್ಬಿತ್ತು. ಏಕಾಂತಮ್ಮ ಹೊರಗೆ ಬಂದಳು. ಹೊಟ್ಟೆ ಮುಂದೆ ಬಂದಿತ್ತು. ಐದು ತಿಂಗಳೋ ಆರೋ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ಇಬ್ಬರಿಗೂ ಬೈಯಲು ಏನೂ ಉಳಿದಿರಲಿಲ್ಲ. ಏಕಾಂತಮ್ಮ, ಬಾ ಚಿತ್ತಿ, ಕುಂತ್ಕ, ಅಂತ ಚಾಪೆ ಹಾಸಿ, ನೀರು ತರಲು ಒಳಗೆ ಹೋದಳು.

ಜಂಪಣ್ಣ ಅಲ್ಲೇ ಕಟ್ಟೆಯ ಮೇಲೆ ತೂಬಿನ ಚಕ್ರ ತಿರುಗಿಸುತ್ತಿದ್ದ. ಅವನ ಪಕ್ಕದಲ್ಲಿ ಜವಾನ ನೀರಿನ ಮಟ್ಟ ನೋಡಿ ಹೇಳುತ್ತಿದ್ದ. ಅವಳನ್ನು ಕಂಡ ಕೂಡಲೆ ಜಂಪಣ್ಣ ತಮ್ಮನ ಹೆಂಡತಿಯೆದುರು ಭಾವ ನಿಲ್ಲಬೇಕಾದ ಹಾಗೆ ಮುಖ ತಿರುಗಿಸಿ ನಿಂತ. ಜವಾನನಿದ್ದ ಅನ್ನುವುದಕ್ಕೆ ಹಾಗೆ ನಿಂತನೋ, ಅಭ್ಯಾಸವಾಗಿ ಹೋಗಿತ್ತೋ, ಅವಳಿಗೆ ತಿಳಿಯಲಿಲ್ಲ.

ಚಂದ್ರಿ ಮೈತುಂಬಿಕೊಂಡಿದ್ದಳು. ಮೊದಲು ಬಾಗಿಲ ಹಿಂದೆ ಬಚ್ಚಿಟ್ಟುಕೊಂಡು, ಆಮೇಲೆ ಮೆಲ್ಲಗೆ ಬಂದು ಚಿತ್ತಮ್ಮನ ಮಂಡಿ ಹಿಡಿದುಕೊಂಡಳು. ಚಿತ್ತಮ್ಮ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಎದೆ ಬಿರಿಯುವ ಹಾಗೆ ಅಪ್ಪಿಕೊಂಡಳು. ಮಗು ಉಸಿರು ಕಟ್ಟಿ ಕೊಸರಿಕೊಂಡು, ಅವಳ ಮುಖವನ್ನೇ ನೋಡಿತು. ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದರು.

"ಚಿಗವ್ವಾ, ಚಿಗಪ್ಪ ಯಾಕೆ ಬರ್ಲಿಲ್ಲ?" ಎಂದಿತು.

ಕಟ್ಟೆಯ ಮೇಲಿನ ಜವಾನ ಇತ್ತ ತಿರುಗಿ ನೋಡುತ್ತಿದ್ದ. ಚಿತ್ತಮ್ಮ ಮಗುವಿನ ಕೂದಲು ಸರಿಮಾಡಿದಳು.

"ನಿಮ್ ಚಿಗಪ್ಪ ಸತ್ತೋದ ಕಣವ್ವ," ಎಂದಳು, ಕಟ್ಟೆಯ ಮೇಲಿದ್ದವನಿಗೂ ಕೇಳಿಸುವ ಹಾಗೆ. "ಪ್ಲೇಗಿನಾಗೆ ಸತ್ತೋದ."

ಜಂಪಣ್ಣನಿಗೆ ಕೇಳಿಸಿತು. ಅವನು ತಿರುಗಿ ನೋಡಲಿಲ್ಲ. ಚಕ್ರ ಇನ್ನೊಂದು ಸುತ್ತು ತಿರುಗಿಸಿದ, ಕಾಲುವೆಗೆ ನೀರು ಬಂತು.